ಅಡ್ಯೇರಿ ಬರೆದ ಅರ್ಧ ಪುಟ

ನಮ್ಮ ಲಸಿಕೆ ಉಗ್ರಾಣದ ಮುಖ್ಯಸ್ಥೆಯ ಹೆಸರು ಜಾಸಿಂತ ಕಬಸೋಮಿ. ಆ ಹೆಸರಿನಿಂದ ಅವರನ್ನು ಕರೆಯುವವರು ಸಂಬಳದ ಕಚೇರಿಯವರು ಮಾತ್ರ. ನಮ್ಮ ಟೋರೊ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಹೆಸರಿನ ಜೊತೆಗೊಂದು ಅಕ್ಕರೆಯ ಕರೆಹೆಸರು ಇಡುತ್ತೇವೆ. ಬೈಯುವಾಗಲೂ ಅದರಿಂದಲೇ ಕರೆಯಬೇಕು. ಅವರದು ಅಡ್ಯೇರಿ, ನನ್ನದು ಅರಾಲಿ. ಹತ್ತೊಂಬತ್ತು ವರ್ಷದಿಂದ ಅವರ ಕೈಕೆಳಗೆ ಮೋಟರ್‌ಸೈಕಲ್ಲಿನಲ್ಲಿ ಲಸಿಕೆಯ ಪೆಟ್ಟಿಗೆ ಕಟ್ಟಿಕೊಂಡು ಗುಡ್ಡದ ಆಸ್ಪತ್ರೆಗಳಿಗೆ ಅಲೆಯುತ್ತಿದ್ದೇನೆ. ಬೆನ್ನು ಮುರಿದಿದೆ, ನಾಲಿಗೆ ಇನ್ನೂ ಗಟ್ಟಿಯಾಗಿದೆ.

ಅಡ್ಯೇರಿ ಒಳ್ಳೆಯವರೇ. ಆದರೆ ಮೇಲಿನವರು ತಪಾಸಣೆಗೆ ಬರುತ್ತಾರೆಂದರೆ ಸಾಕು, ಬೇರೆಯೇ ಹೆಂಗಸಾಗುತ್ತಿದ್ದರು. ನೆಲ ಎರಡು ಸಲ ಒರೆಸಬೇಕು. ಫ್ರಿಜ್ಜುಗಳ ಬಾಗಿಲಿಗೆ ಅಂಟಿಸಿದ ತಾಪಮಾನದ ಹಾಳೆಯಲ್ಲಿ ಒಂದು ಚಿತ್ತೂ ಇರಬಾರದು. ಲಸಿಕೆ ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು, ಬೆಳಿಗ್ಗೆ ಸಂಜೆ ನೋಡಿ ಬರೆಯಬೇಕು ಎನ್ನುವುದು ನಿಯಮ. ಎಷ್ಟು ಕಡೆ ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ ನಾಲ್ಕು, ನಾಲ್ಕು, ನಾಲ್ಕು ಎಂದು ತುಂಬಿಬಿಡುತ್ತಾರೆಂದು ನನಗೆ ಗೊತ್ತು. ಹಾಳೆ ಮುತ್ತಿನ ಸರದಂತೆ ಕಾಣುತ್ತದೆ, ತಪಾಸಣೆಯವರು ತಲೆದೂಗುತ್ತಾರೆ.

ಇಂಥ ಜಾಗಕ್ಕೆ ರೋಸೆಟ್ ಕಬಹುಮ ಸಹಾಯಕಿಯಾಗಿ ಬಂದಳು. ಕರೆಹೆಸರು ಅಬ್ವೋಲಿ. ಇಪ್ಪತ್ತಮೂರರ ಹುಡುಗಿ, ಮಾತು ಕಡಿಮೆ, ಸೋಮವಾರಗಳಲ್ಲಿ ತಡ. ಅಡ್ಯೇರಿಗೆ ಮಕ್ಕಳಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಬೆಳಗಿನ ಬಾಳೆಕಾಯಿ ಪಲ್ಯ ಇಬ್ಬರಿಗೂ ಒಂದೇ ಡಬ್ಬಿಯಲ್ಲಿ ಬರತೊಡಗಿತು. ನನಗೆ ಅಷ್ಟೂ ವರ್ಷದಲ್ಲಿ ಒಂದು ತುಂಡೂ ಸಿಕ್ಕಿರಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಒಂದು ಮಂಗಳವಾರ ಬೆಳಿಗ್ಗೆ ಎರಡನೇ ಫ್ರಿಜ್ಜಿನ ತಾಪಮಾಪಕ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ ತೋರಿಸುತ್ತಿತ್ತು. ಒಳಗಿದ್ದುದು ಹಸುಗೂಸುಗಳ ಲಸಿಕೆ. ಹೆಪ್ಪುಗಟ್ಟಿದರೆ ಅದು ಕೆಟ್ಟಂತೆ. ಕರಗಿದ ಮೇಲೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ನಾನು ಪೆಟ್ಟಿಗೆ ಕಟ್ಟಿ ಹೊರಟು ನಿಂತಿದ್ದೆ.

"ಅರಾಲಿ, ಇವನ್ನ ತಗೊಂಡ್ ಹೋಗ್ಬೇಡಿ," ಎಂದಳು ಅಬ್ವೋಲಿ. ಹಾಳೆಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದಳು.

ಗುರುವಾರ ತಪಾಸಣೆ ಇತ್ತು. ಅಡ್ಯೇರಿ ಬಂದು ಹಾಳೆ ನೋಡಿದರು. "ತಾಪಮಾಪಕ ಹಳೇದು ಕಣೆ. ಹೊಸ ಹಾಳೆ ತಗೊಂಡು ನಾಲ್ಕು ಅಂತ ಬರಿ."

"ಹೆಪ್ಪುಗಟ್ಟಿದ್ಯೋ ಇಲ್ವೋ ನೋಡ್ತೀನಿ ಅಡ್ಯೇರಿ. ಆಮೇಲೆ ಹೇಳಿ."

ಅವಳು ಒಂದು ಸೀಸೆಯನ್ನು ಬೇಕೆಂದೇ ರಾತ್ರಿಯಿಡೀ ಹೆಪ್ಪುಗಟ್ಟಿಸಿ, ಮರುದಿನ ಕರಗಿಸಿ, ಅನುಮಾನದ ಸೀಸೆಯ ಜೊತೆ ಒಟ್ಟಿಗೆ ಕುಲುಕಿ ಮೇಜಿನ ಮೇಲಿಟ್ಟಳು. ಎರಡರಲ್ಲೂ ಬಿಳಿ ಗಸಿ ಒಂದೇ ವೇಗದಲ್ಲಿ ತಳಕ್ಕಿಳಿಯಿತು. ಅಂದರೆ ಫ್ರಿಜ್ಜಿನದೂ ಕೆಟ್ಟಿತ್ತು. ನಲವತ್ತು ಸೀಸೆ ಎಸೆಯಬೇಕಾಯಿತು. ಹಾಳೆ ಬದಲಾಗಲಿಲ್ಲ. ತಪಾಸಣೆಯವರು ಹೋದ ಮೇಲೆ ಅಡ್ಯೇರಿ ಎಲ್ಲರೆದುರು ಕೂಗಾಡಿದರು. "ನಿನ್ನಿಂದ ನನ್ನ ಮಾನ ಹೋಯ್ತು! ದೊಡ್ಡ ಸತ್ಯವಂತೆ ಬಂದ್ಬಿಟ್ಳು!" ಆ ದಿನ ಅವಳನ್ನು ಕರೆಹೆಸರಿನಿಂದ ಕರೆಯಲಿಲ್ಲ, ಕಬಹುಮ ಎಂದರು. ನಮ್ಮಲ್ಲಿ ಕೆನ್ನೆಗೆ ಹೊಡೆದರೂ ಅಷ್ಟು ನೋಯುವುದಿಲ್ಲ. ನಾಲ್ಕು ತಿಂಗಳಾದ ಮೇಲೆ ಅವಳು ಕೆಲಸ ಬಿಟ್ಟಳು.

ಅಂದಿನಿಂದ ಡಬ್ಬಿಯಲ್ಲಿ ಪಲ್ಯ ಉಳಿಯತೊಡಗಿತು. ನನಗೆ ಕೊಟ್ಟರು. ಯಾಕೋ ನನಗೂ ಸೇರಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ಅಡ್ಯೇರಿ ತಲೆ ಎತ್ತುತ್ತಿದ್ದರು, ನನ್ನನ್ನು ಕಂಡು ಮತ್ತೆ ತಗ್ಗಿಸುತ್ತಿದ್ದರು. ನನ್ನ ಮುಖ ನೋಡಿ ಯಾರೂ ಅಷ್ಟು ನಿರಾಶರಾದದ್ದಿಲ್ಲ, ನನ್ನ ಹೆಂಡತಿಯನ್ನು ಬಿಟ್ಟರೆ.

ಅಬ್ವೋಲಿ ಶಿಫಾರಸು ಪತ್ರ ಕೇಳಿದಾಗ ಅಡ್ಯೇರಿ ಎರಡು ಪುಟ ಬರೆದು, ಮೂರು ಕಡೆ ಮೊಹರು ಒತ್ತಿದರು. ಪ್ರಾಮಾಣಿಕಳು, ಪರಿಶ್ರಮಿ, ದೈವಭಕ್ತೆ, ಎಂದೂ ತಡಮಾಡದವಳು, ನಮ್ಮ ಸೀಮೆ ಕಂಡ ಅತ್ಯುತ್ತಮ ಕೆಲಸಗಾರ್ತಿ. ಮದುವೆ ಮನೆಯ ಭಾಷಣ ಅದು. ಎರಡು ಕಡೆ ಕೆಲಸ ಸಿಗಲಿಲ್ಲ. ಮೂರನೆಯದು ಎಂಟೆಬ್ಬೆಯ ಒಂದು ದೊಡ್ಡ ಉಗ್ರಾಣ. ಅಲ್ಲಿನ ಅಧಿಕಾರಿ ನಾಸೊಲೊ ಎಂಬಾಕೆ ಪತ್ರ ಹಿಂದಕ್ಕೆ ಕಳಿಸಿದರು. ಹೀಗೆಯೇ ಇರುವ ಪತ್ರಗಳು ಮೂವತ್ತು ಬಂದಿವೆ, ಅರ್ಧ ಪುಟ ಸಾಕು, ಅವಳು ಮಾಡಿದ್ದರಲ್ಲಿ ನೀವೇ ಕಂಡದ್ದೊಂದನ್ನು ಬರೆಯಿರಿ, ಶುಕ್ರವಾರ ಕಡೆಯ ದಿನ ಎಂದಿದ್ದರು.

ಅದೇ ದಿನ ಅಬ್ವೋಲಿ, ಕೆಲಸ ಬಿಟ್ಟ ಮೇಲೆ ತಾನು ಕೂರುತ್ತಿದ್ದ ಅಕ್ಕನ ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತಳು. ಬಡವಾಗಿದ್ದಳು.

"ಅಡ್ಯೇರಿ, ಆ ಪತ್ರದಲ್ಲಿರೋಳು ಯಾರು? ನಾನು ಸೋಮವಾರ ಯಾವತ್ತಾದ್ರೂ ಹೊತ್ತಿಗೆ ಸರಿಯಾಗಿ ಬಂದಿದ್ದೀನಾ?"

"ನಿನ್ ಒಳ್ಳೇದಕ್ಕೇ ಬರ್ದೆ ಕಣೆ."

"ಗೊತ್ತು. ಆದ್ರೆ ಇದೊಂದೇ ಕೆಲಸ ಉಳಿದಿರೋದು. ಇದೂ ಹೋದ್ರೆ ಅಂಗಡೀಲಿ ಸೋಪು ಮಾರ್ಕೊಂಡಿರ್ತೀನಿ." ಟೀ ಕುಡಿಯದೆ ಹೋದಳು.

ಅಡ್ಯೇರಿ ಎರಡು ದಿನ ಬರೆದರು, ಹರಿದರು. "ಏನ್ ಬರೀಲಿ ಅರಾಲಿ? ನೀನೂ ನೋಡಿದ್ದೀಯಲ್ಲ."

"ನಾನು ನೋಡಿದ್ದು ನಲವತ್ತು ಸೀಸೆ. ಅವಳು ತಡೀದೇ ಇದ್ರೆ ನಾನೇ ಹೊತ್ಕೊಂಡ್ ಹೋಗಿ ಮಕ್ಕಳಿಗೆ ಚುಚ್ಚಿಸ್ಬಿಡ್ತಿದ್ದೆ," ಎಂದೆ. "ಅದನ್ನ ಬರೆದ್ರೆ ನಿಮ್ಮದೂ ಬರೀಬೇಕಾಗುತ್ತೆ."

ಸಿಡಿಯುತ್ತಾರೆಂದುಕೊಂಡೆ. ಪೆನ್ನು ತೆಗೆದರು. ಬರೆದು ನನ್ನ ಮುಂದೆ ತಳ್ಳಿದರು.

'ರೋಸೆಟ್ ಕಬಹುಮ ನನ್ನ ಕೈಕೆಳಗೆ ಎರಡು ವರ್ಷ ನಾಲ್ಕು ತಿಂಗಳು ಉಗ್ರಾಣ ಸಹಾಯಕಿಯಾಗಿದ್ದಳು. ಆರು ಫ್ರಿಜ್ಜುಗಳ ತಾಪಮಾನ ಮತ್ತು ದಾಸ್ತಾನು ಅವಳ ಜವಾಬ್ದಾರಿ. ಒಮ್ಮೆ ಒಂದು ಫ್ರಿಜ್ಜು ಸೊನ್ನೆಗಿಂತ ಕೆಳಗಿಳಿದಾಗ ಅದನ್ನು ಹಾಗೆಯೇ ದಾಖಲಿಸಿ, ಲಸಿಕೆ ಹೊರಹೋಗದಂತೆ ತಡೆದು, ಕುಲುಕಿ ಪರೀಕ್ಷಿಸಿ, ನಲವತ್ತು ಸೀಸೆ ಹಾಳಾಗಿವೆಯೆಂದು ತೋರಿಸಿದಳು. ಅಂಕಿ ಬದಲಿಸಲು ನಾನೇ ಹೇಳಿದ್ದೆ. ಅವಳು ಬದಲಿಸಲಿಲ್ಲ. ಸೋಮವಾರ ತಡವಾಗಿ ಬರುತ್ತಿದ್ದಳು, ವರದಿ ಬರೆಯುವುದು ನಿಧಾನ. ತಂಡ ನಡೆಸಿದ ಅನುಭವವಿಲ್ಲ. ಲಸಿಕೆ ಕಾಯುವ ಕೆಲಸಕ್ಕೆ ಅವಳನ್ನು ಶಿಫಾರಸು ಮಾಡುತ್ತೇನೆ.'

ಕೆಳಗೆ ಸಹಿ, ಫೋನ್ ನಂಬರು, ಒಂದೇ ಮೊಹರು.

ಸೋಮವಾರ ಎಂಟೆಬ್ಬೆಯಿಂದ ಫೋನ್ ಬಂತು. ಅಡ್ಯೇರಿ ಕೈಯಲ್ಲಿ ದಾಸ್ತಾನು ಪುಸ್ತಕ ಹಿಡಿದಿದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಕೇಳಿಸುವಂತೆ ಒತ್ತಿದರು.

"ನೀವೇ ಹೇಳಿದ್ರಿ ಅಂತ ಬರ್ದಿದ್ದೀರಲ್ಲ, ನಿಜವೇ?" ನಾಸೊಲೊ ಕೇಳಿದರು.

"ನಿಜ."

"ಅವಳು ಬಿಟ್ಟಿದ್ದು ಯಾಕೆ?"

"ನಾನು ಬೈದೆ. ಸತ್ಯ ಬರ್ದಿದ್ದಕ್ಕೆ ಬೈದೆ."

ಆ ಕಡೆ ಕಾಗದ ಮಗುಚಿದ ಸದ್ದಾಯಿತು. "ಸರಿ. ನಾಳೆ ಅವಳಿಗೆ ತಿಳಿಸ್ತೀವಿ. ಇನ್ನೊಂದೇ ಪ್ರಶ್ನೆ, ಎಲ್ಲರಿಗೂ ಕೇಳ್ತೀವಿ. ಮತ್ತೆ ಅವಕಾಶ ಸಿಕ್ಕಿದ್ರೆ ಅವಳನ್ನ ಕೆಲಸಕ್ಕೆ ತಗೋತೀರಾ?"

"ಈಗ್ಲೇ ತಗೋತೀನಿ. ಅವಳ ಜಾಗ ಇನ್ನೂ ಖಾಲಿ ಇದೆ."

"ಹಾಗಾದ್ರೆ ನೀವೇ ಕರೀಬಹುದಿತ್ತಲ್ಲ?"

ಅಡ್ಯೇರಿ ದಾಸ್ತಾನು ಪುಸ್ತಕ ಮುಚ್ಚಿಟ್ಟರು. ಅವರ ಕಣ್ಣು ತುಂಬಿದ್ದನ್ನು ನಾನು ಅಂದು ಮೊದಲ ಸಲ ಕಂಡೆ.

"ಕರೆದ್ರೆ ನಿಮ್ಮ ದೊಡ್ಡ ಉಗ್ರಾಣ ಬಿಟ್ಟು ಇಲ್ಲಿಗೇ ಬಂದ್ಬಿಡ್ತಾಳೆ," ಎಂದರು. "ಅದಕ್ಕೇ ಕರೀಲಿಲ್ಲ."