ಮಾವನವರ ಎರಡು ಲೀಟರ್ ಆಕ್ಸಿಜನ್

ನನ್ನ ಗಂಡನ ಅಕ್ಕ ತಮ್ಮ ಮಗಳನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗಲು ಬಂದಾಗ ಬೆಲ್ಲದ ಬಾಗೇವಾಡಿಯಿಂದ ಒಂದು ಚೀಲ ಶೇಂಗಾ ತಂದಿದ್ದರು. ಚೀಲವನ್ನು ಅಡುಗೆಮನೆಯ ಹೊಸ್ತಿಲ ಬಳಿ ಇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಹೇಳಿದರು:

“ನರ್ಸಿಂಗ್ ಅಂತೂ ಮುಗಿಸ್ಯಾಳ. ಈಗ ಸರಕಾರಿ ನೌಕರಿ ಪರೀಕ್ಷಾ ಬರೀಬೇಕಂತ. ಗೋಕಾಕದಾಗ ಕ್ಲಾಸ್ ಐತಿ, ಆದ್ರ ಪ್ರಶ್ನಿ ಎಲ್ಲಾ ಇಂಗ್ಲಿಷ್‌ನ್ಯಾಗ. ನಿನ್ನ ಕಾನ್ವೆಂಟ್ ಸಾಲಿ ಈಗರೆ ಯಾರಿಗರೆ ಉಪಯೋಗ ಆಗ್ಲಿ.”

ನಾನು ನಕ್ಕು ಚಹಾಕ್ಕೆ ನೀರಿಟ್ಟೆ. ಸಕ್ಕರೆ ಅವರಿಗೆ ಹೆಚ್ಚು ಬೇಕೆಂದು ನೆನಪಿಟ್ಟು ಹಾಕಿದೆ. ಮೆಲ್ಲಗೆ ಮಾತಾಡು, ಬಾಗಿಲು ಸದ್ದಾಗದಂತೆ ಮುಚ್ಚು, ಕೋಪ ಬಂದರೆ ನುಂಗು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ನುಂಗಿದ ಕೋಪ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಅವರು ಹೇಳಿರಲಿಲ್ಲ.

ನನ್ನ ಮಾವನವರು ಮೂಡಲಗಿಯ ಹೊಲದಲ್ಲಿ ಬೆಲ್ಲದ ಗಾಣದ ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಾ, ಬಿಡುವಿನಲ್ಲಿ ಬೀಡಿ ಸೇದುತ್ತಾ ಆಯುಷ್ಯ ಕಳೆದವರು. ಎದೆಯಲ್ಲಿ ಸೇರಿದ ಹೊಗೆ ಮುಪ್ಪಿನಲ್ಲಿ ಲೆಕ್ಕ ಕೇಳಿತು. ಕೊನೆಗೆ ಗೋಕಾಕದ ನಮ್ಮ ಮನೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ, ಗಾಳಿಯಿಂದ ಆಕ್ಸಿಜನ್ ಹಿಡಿದುಕೊಡುವ ಯಂತ್ರದ ಜೊತೆ ಉಳಿದರು. ಯಂತ್ರದ ಮುಂದೆ ಗಾಜಿನ ಕೊಳವೆ, ಅದರಲ್ಲೊಂದು ಪುಟ್ಟ ಗುಂಡು. ಕೆಳಗಿನ ತಿರುಪಿನ ಗುಬ್ಬಿ ತಿರುವಿದಂತೆ ಅದು ಏರುತ್ತದೆ, ಇಳಿಯುತ್ತದೆ. ಪಕ್ಕದಲ್ಲಿ ನೀರಿನ ಬಾಟಲಿ. ಅದರ ಮೂಲಕ ಗುಳುಗುಳು ಎಂದು ಬಂದ ಗಾಳಿ ಸಣ್ಣ ನಳಿಕೆಯಲ್ಲಿ ಅವರ ಮೂಗಿಗೆ ಹೋಗುತ್ತಿತ್ತು.

ಡಾಕ್ಟರು ನನ್ನನ್ನೇ ಮುಂದೆ ಕರೆದು ಹೇಳಿದ್ದರು: “ಗುಂಡು ಎರಡರ ಗೆರಿ ಮ್ಯಾಲ ಇರ್ಲಿ. ಬೆರಳಿಗೆ ಹಾಕೋ ಮಷೀನ್‌ದಾಗ ಎಂಬತ್ತೆಂಟರಿಂದ ತೊಂಬತ್ತೆರಡರ ಒಳಗ ಬಂದ್ರ ಇವರಿಗೆ ಅದ ಚಲೋ. ನೂರು ಮಾಡಾಕ ಹೋಗಬ್ಯಾಡ್ರಿ.” ಅಂದಿನಿಂದ ದಿನವೂ ಬಾಗಿ, ಕಣ್ಣನ್ನು ಕೊಳವೆಯ ಸಮಕ್ಕೆ ತಂದು, ಗುಂಡಿನ ನಡುಭಾಗ ಗೆರೆಗೆ ಕೂಡಿದೆಯೇ ಎಂದು ನೋಡುತ್ತಿದ್ದೆ. ಮೇಲಿನಿಂದ ನೋಡಿದರೆ ಗೆರೆ ಸುಳ್ಳು ಹೇಳುತ್ತದೆ. ಮಾವನವರು ನಗುತ್ತಿದ್ದರು: “ಏನ್ ಯವ್ವಾ, ಅಕ್ಕಸಾಲಿಗ್ಯಾ ಬಂಗಾರ ತೂಗಿದಂಗ ತೂಗತಿ.”

ಗಂಡನ ಅಕ್ಕ ಊರಿಂದ ಬಂದವರೇ ಮಂಚದ ಬಳಿ ಕೂತು ಅಪ್ಪನ ಬೆರಳಿಗೆ ಮಷೀನ್ ಹಾಕಿದ್ದು ಒಂದು ಮಧ್ಯಾಹ್ನ. ಎಂಬತ್ತೊಂಬತ್ತು ಬಂತು.

“ನೂರಕ್ಕ ಎಂಬತ್ತೊಂಬತ್ತ? ಇದೇನ ಜೋಪಾನಾ ನಿಂದು?”

“ಡಾಕ್ಟರು ಅಷ್ಟ ಇರ್ಲಿ ಅಂದಾರ್ರೀ ಅಕ್ಕಾರ.”

“ಡಾಕ್ಟರಗೇನು, ಅವರಪ್ಪ ಏನ್ ಮಲಗ್ಯಾನ ಇಲ್ಲೆ?”

ನಮ್ಮ ಕಡೆ ಉಣಬಡಿಸುವವರು ಸಾಕೆಂದರೂ ಬಿಡುವುದಿಲ್ಲ. ಹೋಳಿಗೆಯ ಮೇಲೆ ಹೋಳಿಗೆ, ತುಪ್ಪದ ಮೇಲೆ ತುಪ್ಪ. ಕಡಿಮೆ ಬಡಿಸಿದರೆ ಕಡಿಮೆ ಪ್ರೀತಿ. ಅಕ್ಕ ಅಪ್ಪನಿಗೆ ಗಾಳಿಯನ್ನೂ ಹಾಗೆಯೇ ಬಡಿಸಿದರು. ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕಲು ಹೋದಾಗ ಗುಬ್ಬಿ ತಿರುವಿ ಐದಕ್ಕೆ ಏರಿಸಿದ್ದರು.

ಮೆಟ್ಟಿಲು ಇಳಿಯುವಾಗಲೇ ನನಗೆ ಗೊತ್ತಾಯಿತು. ಬಾಟಲಿಯ ಗುಳುಗುಳು ಹುಳಿ ಕುದಿಯುವ ಸದ್ದಾಗಿತ್ತು. ಮಾವನವರ ಮುಖ ಕೆಂಪೇರಿತ್ತು, ಅಂಗೈ ಬೆಚ್ಚಗಿತ್ತು. “ಮಾವಾರ” ಎಂದು ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದರು. ಎದೆ ಏಳುವುದೂ ಇಳಿಯುವುದೂ ನಿಧಾನವಾಗಿತ್ತು. ಬೆರಳಿನ ಮಷೀನ್‌ನಲ್ಲಿ ಮಾತ್ರ ತೊಂಬತ್ತೇಳು ಹೊಳೆಯುತ್ತಿತ್ತು.

ಬಾಗಿ ಗುಬ್ಬಿಯನ್ನು ಎರಡಕ್ಕೆ ತಂದೆ. ಅದೇ ಹೊತ್ತಿಗೆ ಅಕ್ಕ ಮಜ್ಜಿಗೆಯ ಲೋಟ ಹಿಡಿದು ಬಂದರು. ಅವರು ಕಂಡದ್ದು ಗುಬ್ಬಿಯ ಮೇಲಿನ ನನ್ನ ಕೈ. ತೊಂಬತ್ತೇಳು ತೊಂಬತ್ಮೂರಾಯಿತು, ತೊಂಬತ್ತಾಯಿತು.

“ಅಯ್ಯಯ್ಯ ಶಿವನ, ಇಕಿ ಕೈ ಹಚ್ಚಿದ ಕೂಡ್ಲೆ ಇಳಿಯಾಕತ್ತಲ್ಲೋ!”

ಗಾಡಿ ತರಿಸಿ ಆಸ್ಪತ್ರೆಗೆ ಒಯ್ದೆವು. ಮಣಿಕಟ್ಟಿನಿಂದ ರಕ್ತ ತೆಗೆದು ನೋಡಿದರು. ಉಸಿರು ಒತ್ತಿಕೊಡುವ ಮಾಸ್ಕ್ ಹಾಕಿದ ಮೇಲೆ ಮೆಲ್ಲಗೆ ಎಚ್ಚರಾದರು. ಡಾಕ್ಟರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಹೆಚ್ಚು ಆಕ್ಸಿಜನ್ ಕೊಟ್ಟಿದ್ದರಿಂದ ಕೆಟ್ಟ ಗಾಳಿ ಒಳಗೇ ಕೂಡಿಕೊಂಡಿತು ಎಂದು ಬಿಡಿಸಿ ಹೇಳಿದರು. ಗಂಡ ಎಲ್ಲವನ್ನೂ ಕೇಳಿಸಿಕೊಂಡರು. ಅದನ್ನು ಅಕ್ಕನ ಮುಂದೆ ಹೇಳುವ ಎದೆ ಅವರಿಗಿರಲಿಲ್ಲ. “ಹೋಗ್ಲಿ ಬಿಡು, ಮನಿಮಾತು” ಅಂದರು. ಮನೆಮಾತು ಮನೆಯಲ್ಲಿ ಉಳಿಯಲಿಲ್ಲ.

ಮಾವನವರು ಮನೆಗೆ ಬಂದು, ಮುಂದಿನ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡರು. ಮಣ್ಣು ಮಾಡಿ ಬಂದ ಜನ ಅಂಗಳದಲ್ಲಿ ಇನ್ನೂ ಕಾಲು ತೊಳೆಯುತ್ತಿರುವಾಗಲೇ ಅಕ್ಕ ಮೂಡಲಗಿಯ ಬೀಗರ ಮುಂದೆ ಎದೆ ಬಡಿದುಕೊಂಡರು: “ನಮ್ಮಪ್ಪಗ ಉಸುರು ಅಳದ ಅಳದ ಕೊಟ್ಟಾಳ್ರೀ ಇಕಿ!”

ಆ ಮಾತು ನನಗೆ ಅಂಟಿತು. ಯಮಕನಮರಡಿಯ ಮದುವೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವಳಿಗೆ “ಉಸುರು ಅಳದ ಕೊಡೂವಾಕಿ ಇಕೀನ ಏನ?” ಅಂದಳು. ನನ್ನ ಹೆಸರನ್ನು ತೊಳೆದುಕೊಳ್ಳಬೇಕು, ಅದೂ ಅಕ್ಕನ ಬಾಯಿಂದಲೇ, ಅದೇ ಬೀಗರ ಮುಂದೆ ಎಂದು ನಾನು ಅಂದೇ ನಿಶ್ಚಯಿಸಿದೆ. ಉಪ್ಪಿನಕಾಯಿಯ ಭರಣಿಯನ್ನು ಕಾದ ಹಾಗೆ ಆ ನಿಶ್ಚಯವನ್ನು ಕಾದೆ. ಎಲ್ಲಾ ನಡೆದಾಗ ಅಕ್ಕನ ಮಗಳು ಹಾಸ್ಟೆಲಿನಲ್ಲಿದ್ದಳು. ಅಜ್ಜನ ಉಸಿರಾಟದ ತೊಂದರೆ ಅವಳಿಗೆ ಗೊತ್ತಿತ್ತು, ಗುಬ್ಬಿಯ ಸಂಗತಿ ಗೊತ್ತಿರಲಿಲ್ಲ. ಈಗ ಅಕ್ಕನೇ ಅವಳನ್ನು ತಂದು ನನ್ನ ಕೈಗೆ ಕೊಟ್ಟಿದ್ದರು.

ಹುಡುಗಿ ಚುರುಕು. ಓದುವಾಗ ಜಡೆಯ ತುದಿಯನ್ನು ಬಾಯಲ್ಲಿ ಕಚ್ಚುತ್ತಿದ್ದಳು. ಇಂಗ್ಲಿಷಿನ ಉದ್ದ ಪ್ರಶ್ನೆಗಳನ್ನು ನಾನು ಒಡೆದು ಕೊಡುತ್ತಿದ್ದೆ, ಒಳಗಿನ ತಿರುಳನ್ನು ಅವಳು ನನಗೆ ಹೇಳುತ್ತಿದ್ದಳು. ನಾನು ಕಾಯಿಪಲ್ಯ ಹೆಚ್ಚುತ್ತಾ ಕೇಳುತ್ತಿದ್ದೆ.

“ಮೂಗಿನ ನಳಿಕಿಗೆ ಎಷ್ಟು?”

“ಒಂದರಿಂದ ಆರು ಲೀಟರ್ರೀ ಮಾಮಿ.”

“ಸಾದಾ ಮಾಸ್ಕಿಗೆ?”

“ಐದಕ್ಕಿಂತ ಕೆಳಗ ಇಳಿಸಬಾರದ್ರೀ. ಇಳಿಸಿದ್ರ ಬಿಟ್ಟ ಉಸುರು ಮಾಸ್ಕಿನ್ಯಾಗ ಕುಂತು ಅದನ್ನ ತಿರುಗಿ ಎಳ್ಕೊತಾರ.”

“ಚೀಲ ಇರೋ ಮಾಸ್ಕಿಗೆ?”

“ಹತ್ತರಿಂದ ಹದಿನೈದು. ಚೀಲ ಯಾವಾಗ್ಲೂ ಉಬ್ಬಿರಬೇಕ್ರೀ. ನಮ್ಮವ್ವ ಇದ್ದಂಗ, ಉಬ್ಬಿದ್ರನ ಕೆಲಸ.”

ಇಬ್ಬರೂ ನಕ್ಕೆವು. ನಾನು ತುಸು ಹೆಚ್ಚೇ ನಕ್ಕೆ.

ಬಣ್ಣಬಣ್ಣದ ಮೂತಿಗಳ ವೆಂಚುರಿ ಮಾಸ್ಕಿನ ಪ್ರಶ್ನೆ ಬಂದಾಗ ಅವಳು, ಆಕ್ಸಿಜನ್ ಪ್ರಮಾಣ ಹೆಚ್ಚುಕಡಿಮೆ ಆಗದಂತೆ ಕೊಡುವುದು ಇದರಿಂದಲೇ, ಬಹಳ ದಿನದ ಉಬ್ಬಸದವರಿಗೆ ಇದು ಒಳ್ಳೆಯದು ಎಂದಳು. ಅದರ ಕೆಳಗಿನ ಪ್ರಶ್ನೆಯ ಮೇಲೆ ನನ್ನ ಬೆರಳು ತಾನಾಗಿ ನಿಂತಿತು. ಹಳೆಯ ಶ್ವಾಸಕೋಶದ ರೋಗಿ, ಮೂಗಿನ ನಳಿಕೆಯಲ್ಲಿ ಎರಡು ಲೀಟರ್. ಸಂಬಂಧಿಕರು ಐದಕ್ಕೆ ಏರಿಸಿದ್ದಾರೆ. ಬೆರಳಿನ ಮಷೀನ್ ತೋರಿಸುವ ಸ್ಯಾಚುರೇಶನ್ ತೊಂಬತ್ತೇಳು. ರೋಗಿ ಮಂಪರಿನಲ್ಲಿದ್ದಾನೆ, ಉಸಿರು ನಿಧಾನವಾಗಿದೆ. ನರ್ಸ್ ಮೊದಲು ಏನು ಮಾಡಬೇಕು?

ಅವಳು ಮೊದಲ ಸಲ ತಪ್ಪಿದಳು. “ತೊಂಬತ್ತೇಳು ಐತಲ್ರೀ, ಹಂಗ ಮುಂದುವರಿಸಬೇಕು” ಅಂದಳು.

“ಮಷೀನ್ ನೋಡಬ್ಯಾಡ, ಮನಷ್ಯಾನ ನೋಡು.”

ಜಡೆ ಕಚ್ಚಿ ಯೋಚಿಸಿದಳು. ಆಮೇಲೆ ಕಣ್ಣು ಅಗಲವಾಯಿತು. “ಬೆರಳಿನ ಮಷೀನ್ ಆಕ್ಸಿಜನ್ ಅಷ್ಟ ತೋರಿಸ್ತೈತಿ. ಒಳಗ ಕೂಡಿಕೊಂಡಿದ್ದನ್ನ ತೋರಿಸೂದಿಲ್ಲ.” ಪೂರ್ತಿ ತೆಗೆದುಹಾಕಬಾರದು, ಡಾಕ್ಟರು ಬರೆದ ಮಟ್ಟಕ್ಕೆ ಇಳಿಸಬೇಕು, ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಬೇಕು, ಎಚ್ಚರ ನೋಡಬೇಕು, ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಎಲ್ಲವನ್ನೂ ಹೇಳಿದಳು. ಆ ಪ್ರಶ್ನೆಯನ್ನು ನಾನು ಮುಂದೆಯೂ ಕೇಳಿದೆ. ರೊಟ್ಟಿ ಬಡಿಯುತ್ತಾ ಕೇಳಿದೆ, ಅವಳ ತಲೆ ಬಾಚುತ್ತಾ ಕೇಳಿದೆ. ನಿದ್ದೆಗಣ್ಣಲ್ಲೂ ಹೇಳುವಂತೆ ಮಾಡಿದೆ.

ಮಾವನವರ ಪುಣ್ಯತಿಥಿಗೆ ಅಕ್ಕ ಬಂದರು. ಮೂಡಲಗಿಯ ಬೀಗರೂ ಬಂದರು, ಅವರ ಜೊತೆ ಎಲ್ಲರೂ ಆಯಿ ಎಂದು ಕರೆಯುವ ಮುದುಕಿಯೂ. ಪಡಸಾಲೆಯಲ್ಲಿ ಪಂಕ್ತಿ ಹಾಕಿದೆ. ಅಕ್ಕನನ್ನು ಆಯಿಯ ಪಕ್ಕಕ್ಕೆ, ಮಗಳನ್ನು ಎದುರಿಗೆ ಕೂರಿಸಿದೆ. ಅನ್ನ ಬಡಿಸಿ, ಎಷ್ಟೋ ದಿನದಿಂದ ಇಸ್ತ್ರಿ ಮಾಡಿಟ್ಟಿದ್ದ ದನಿಯಲ್ಲಿ ಕೇಳಿದೆ:

“ಅಕ್ಕಾರ, ಅವತ್ತ ಮಾವಾರಿಗೆ ನೀವು ಗಾಳಿ ಎಷ್ಟಕ್ಕ ಏರಿಸಿದ್ರಿ? ನನಗ ಮರತ ಹೋತು.”

“ಐದ! ನಾ ಐದ ಮಾಡೀನಿ, ತೊಂಬತ್ತೇಳ ಬಂತ. ಕೇಳ್ರೀ ಆಯಿ, ಮಗಳು ಕೈ ಹಚ್ಚಿದ್ರ ತೊಂಬತ್ತೇಳ, ಸೊಸಿ ಕೈ ಹಚ್ಚಿದ್ರ ತೊಂಬತ್ತ.”

“ಆವಾಗ ಮಾವಾರು ಹೆಂಗಿದ್ರು?”

“ಎಷ್ಟ ಚಂದ ನಿದ್ದಿ ಹತ್ತಿತ್ತ ನಮ್ಮಪ್ಪಗ! ಮಾರಿ ಹೆಂಗ ಕೆಂಪಗ ಆಗಿತ್ತ!”

ಎದುರಿನ ತಟ್ಟೆಯಲ್ಲಿ ಹುಡುಗಿಯ ಕೈ ನಿಂತಿತು.

“ಅವ್ವಾ, ಅಜ್ಜಗ ಡಾಕ್ಟರು ಎರಡು ಬರದ ಕೊಟ್ಟಿದ್ರೇನು?”

“ಹೂಂ, ಜಿಪುಣ ಡಾಕ್ಟರ.”

“ಐದು ಮಾಡಿದ ಮ್ಯಾಲ ಮಲಗಿದ್ನೇನು? ಕರದ್ರ ಎದ್ದಿದ್ನೇನು?”

ಅಕ್ಕ ನಗುವುದನ್ನು ನಿಲ್ಲಿಸಿದರು. “ಯಾಕ ಹಿಂಗ ಕೇಳತಿ?”

“ಅದು ನಿದ್ದಿ ಅಲ್ಲವ್ವ. ಅಂಥಾವರಿಗೆ ಹೆಚ್ಚು ಕೊಟ್ರ ಬಿಡೂ ಗಾಳಿ ಒಳಗ ಕೂಡ್ತೈತಿ. ಉಸುರು ಸಾವಕಾಶ ಆಗಿ ಎಚ್ಚರ ತಪ್ಪತಾರ. ಮಾಮಿ ಇಳಿಸಿರಲಿಲ್ಲಂದ್ರ ಅಜ್ಜ ಅವತ್ತ ಹೋಗತಿದ್ದ.”

ಆಯಿ ಕಿವಿಗೆ ಕೈ ಹಚ್ಚಿ ಮುಂದೆ ಬಾಗಿದಳು. “ಹಂಗಾರ ಸೊಸಿ ಇಳಿಸಿದ್ದ ಚಲೋ ಆತೇನ?”

“ಚಲೋ ಏನ್ರೀ ಆಯಿ, ಅದ ಸರಿ ಉತ್ತರ.”

“ಮತ್ತ ಇಷ್ಟ ದಿವಸ ಈ ಬಾಯಿ ಏನ್ ಹೇಳ್ಕೋತ ತಿರಗತಿತ್ತ?” ಎಂದು ಆಯಿ ಅಕ್ಕನ ಕಡೆ ಪೂರಾ ತಿರುಗಿ ಕೂತಳು. ನನ್ನ ಗಂಡ ತಟ್ಟೆಯಲ್ಲಿನ ಕರಿಬೇವನ್ನು ಅಂಚಿಗೆ ಸರಿಸುತ್ತಿದ್ದರು.

“ನನಗೇನ ಗೊತ್ತಿತ್ರೀ...” ಅಂದರು ಅಕ್ಕ. ದನಿ ಅಷ್ಟು ಸಣ್ಣದಾಗಿದ್ದನ್ನು ನಾನೆಂದೂ ಕೇಳಿರಲಿಲ್ಲ. “ಅಪ್ಪಗ ಚಲೋ ಆಗ್ಲಿ ಅಂತ ನಾನ ಏರಿಸಿದೆ. ಇಕಿದೇನ ತಪ್ಪಿಲ್ಲ ಹಂಗಾರ.”

ಬೇಕಾಗಿದ್ದ ಮಾತು ಬಂದಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಹೋಳಿಗೆಯ ಬುಟ್ಟಿ ತಂದು ಅವರ ತಟ್ಟೆಗೆ ಒಂದು ಹಾಕಿದೆ, ಮೇಲೆ ಮತ್ತೊಂದು ಹಾಕಿದೆ. ತುಪ್ಪದ ಗಿಂಡಿ ಬಗ್ಗಿಸಿದೆ. ಅವರು ಕೈ ಅಡ್ಡ ಹಿಡಿದರು.

“ಸಾಕ.”

“ಇನ್ನೀಟ ಹಾಕ್ಕೊಳ್ರೀ ಅಕ್ಕಾರ. ನಮ್ಮ ಮನ್ಯಾಗ ಅಳದ ಅಳದ ಕೊಡ್ತಾರ ಅನಬಾರದು.”

ತುಪ್ಪ ಅವರ ಬೆರಳಿನ ಸಂದಿಯಿಂದ ಇಳಿದು ಬಳೆಯವರೆಗೆ ಹೋಯಿತು. ಅವರು ಕೈ ತೆಗೆಯಲಿಲ್ಲ, ನಾನೂ ಗಿಂಡಿ ಎತ್ತಲಿಲ್ಲ. ತುಪ್ಪದ ಸಣ್ಣ ಧಾರೆಯನ್ನು ನೋಡುತ್ತಾ ನನಗೆ ಬಹಳ ದಿನಗಳ ಮೇಲೆ ಎದೆತುಂಬ ಉಸಿರು ಬಂತು.

“ಮಾಮಿ, ಸಾಕ್ರೀ” ಅಂದದ್ದು ಹುಡುಗಿ. ಆಗ ಎತ್ತಿದೆ.

ಮರುದಿನ ಅವಳು ಪ್ರಶ್ನೆಗಳ ಹಾಳೆ ಹಿಡಿದು ಅಡುಗೆಮನೆಗೆ ಬಂದು, ಎಂದಿನ ಜಾಗದಲ್ಲಿ ಕೂತಳು. ಜಡೆ ಕಚ್ಚಲಿಲ್ಲ.

“ಆ ಒಂದ ಪ್ರಶ್ನಿ ಅಷ್ಟ ಸಲ ಯಾಕ ಕೇಳಿದ್ರಿ ಅಂತ ಈಗ ತಿಳೀತ್ರೀ.”

“ಪರೀಕ್ಷಾದಾಗ ಬಂದ್ರ ತಪ್ಪಬಾರದು.”

“ಅದರ ಪರೀಕ್ಷಾ ನಿನ್ನೆ ಮುಗೀತಲ್ರೀ” ಅಂದಳು, ಹಾಳೆಯಿಂದ ಕಣ್ಣೆತ್ತದೆ. “ಮುಂದಿಂದು ಕೇಳ್ರಿ.”

ನಾನು ಮುಂದಿನ ಪ್ರಶ್ನೆಯನ್ನು ಓದಿದೆ.