ರಸೀದಿಯಿಲ್ಲದ ಚಹಾ

ಒಣಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. ಕೋವಿಡ್ ಕಳೆದ ಮರುವರ್ಷ ದೇವದುರ್ಗದ ಒಂದು ತಗಡಿನ ಶೆಡ್ಡಿನಲ್ಲಿ ರಾಶಿಗಟ್ಟಲೆ ಕಾಯಿಯಿಂದ ಆ ಸದ್ದು ಒಟ್ಟಿಗೇ ಏಳುವುದನ್ನು ಕೇಳಿದೆ. ಹೆಂಗಸರು ತೊಟ್ಟು ಮುರಿದು ಕಾಯಿ ಎಸೆಯುತ್ತಿದ್ದರು. ಒಬ್ಬಾಕೆ ಸೀನಿದರೆ ಉಳಿದವರು ನಗುವರು, ಆಮೇಲೆ ತಾವೂ ಸೀನುವರು. ಆ ಹೆಂಗಸರ ಸಂಘ ಕಟ್ಟಿದವಳು ಶರಣಮ್ಮ. ನಲವತ್ತರ ಆಸುಪಾಸು, ದೊಡ್ಡ ದನಿ.

ನಾನು ರಾಯಚೂರಿನ ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ನನ್ನ ಹಳೇ ಸ್ಟೂಡೆಂಟ್ ಬಸವರಾಜನದು ಮಾನ್ವಿಯಲ್ಲಿ ರೈಸ್ ಮಿಲ್. ಎಕ್ಸ್‌ಪೋರ್ಟ್ ಲೈಸೆನ್ಸ್ ಇದ್ದದ್ದು ಅವನ ಹತ್ತಿರ, ಆದ್ದರಿಂದ ಶರಣಮ್ಮನ ಮೆಣಸಿನಕಾಯಿ ಅವನ ಮೂಲಕವೇ ಇಂಗ್ಲೆಂಡಿಗೆ ಹೋಗಬೇಕಿತ್ತು. ಅಲ್ಲಿಯ ಮಸಾಲೆ ಕಂಪನಿಗೆ ಪತ್ರ ಬರೆಯುವ ಕೆಲಸ ನನ್ನದು. ಬೇಸರ ಕಳೆಯಲು ಒಪ್ಪಿಕೊಂಡಿದ್ದೆ.

ಕಂಪನಿಯ ಕರಾರಿನಲ್ಲಿ ಒಂದು ಪುಟ ಪೂರ್ತಿ ಲಂಚದ ವಿಷಯ. ಅಧಿಕಾರಿ ಹೇಗೂ ಮಾಡಲೇಬೇಕಾದ ಕೆಲಸವನ್ನು ಬೇಗ ಮಾಡಿಸಲು ಕೊಡುವ ಸಣ್ಣ ಹಣಕ್ಕೆ ಅವರು ಫೆಸಿಲಿಟೇಶನ್ ಪೇಮೆಂಟ್ ಎನ್ನುತ್ತಾರೆ. ಅದನ್ನು ಬಸವರಾಜ ಕೊಡಬಾರದು, ಅವನ ಏಜೆಂಟೂ ಕೊಡಬಾರದು. ಊರಿನ ರೂಢಿ ಎಂಬ ನೆಪ ನಡೆಯದು. ಯಾರದಾದರೂ ಜೀವಕ್ಕೆ ಅಪಾಯ ಬಂದರೆ ಮಾತ್ರ ಬೇರೆ ಮಾತು. ನಾನು ಓದಿ ಹೇಳಿದಾಗ ಬಸವರಾಜ ನಕ್ಕ.

“ಮಿಸ್, ಇದು ಲಂಚ ಅಲ್ರಿ. ಸುಳ್ಳು ಸಹಿ ಮಾಡ್ರಿ ಅಂದ್ರ ಅದು ಲಂಚ. ಇದು ಬಸ್ಸಿನ ಕಿಟಕ್ಯಾಗಿಂದ ಸೀಟಿಗೆ ಟವೆಲ್ ಹಾಕಿದಂಗ. ಟಿಕೀಟು ನಂದೇ ಅಲ್ಲೇನ್ರಿ? ಅಮೆರಿಕಾದವ್ರ ಕಾನೂನಿನ್ಯಾಗ ಇಷ್ಟಕ್ಕ ಮಾಫಿ ಅದ ಅಂತ.”

“ಇಂಗ್ಲೆಂಡಿಂದ್ರಾಗ ಇಲ್ಲಪ್ಪಾ. ನಮ್ಮ ಕಾನೂನಿನ್ಯಾಗೂ ಇಲ್ಲ. ಕೊಟ್ಟವ್ನೂ ಅಪರಾಧಿ. ಒತ್ತಾಯದಿಂದ ಕೊಟ್ರ ಏಳು ದಿನದೊಳಗ ಪೊಲೀಸರಿಗೆ ಹೋಗಿ ಹೇಳ್ಬೇಕು.”

“ಹೇಳಾಕ ಹೋದಲ್ಲಿ ಯಾರಿಗೆ ಚಹಾ ಕುಡಿಸ್ಬೇಕ್ರಿ?” ಎಂದು ಕೇಳಿದ. ನನಗೂ ನಗು ಬಂತು.

ಸಾಮಾನಿನಲ್ಲಿ ಕೀಟ ಇಲ್ಲವೆಂದು ಸರಕಾರಿ ಅಧಿಕಾರಿಯೊಬ್ಬರು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡಬೇಕು. ಕಂಪನಿಗೆ ಅದಿಲ್ಲದೆ ಆಗದು. ಫೀಸು ಆನ್‌ಲೈನಿನಲ್ಲಿ ಕಟ್ಟಿಯಾಗಿತ್ತು. ಮೂಟೆಗಳಿಗೆ ಕೀಟನಾಶಕದ ಹೊಗೆ ಹಾಕಿಸಿಯೂ ಆಗಿತ್ತು. ಆದರೆ ಪರೀಕ್ಷೆಗೆ ಯಾರೂ ಬರಲಿಲ್ಲ. ಅಷ್ಟರಲ್ಲಿ ಕಂಪನಿಯಿಂದ ಹೆಲೆನ್ ಎಂಬ ಮೇಡಂ ಶೆಡ್ ನೋಡಲು ಬಂದಳು. ತಡ ಯಾಕೆಂದು ತಾನೇ ಕೇಳುತ್ತೇನೆ ಎಂದಳು. ಅವಳು, ಬಸವರಾಜ, ನಾನು, ಮೂವರೂ ಸರ್ಟಿಫಿಕೇಟ್ ಕೊಡುವ ರಾಯಚೂರಿನ ಆಫೀಸಿಗೆ ಹೋದೆವು.

ಸಾಹೇಬರು ಬಹಳ ಮರ್ಯಾದಸ್ಥರು. ಕುರ್ಚಿ ಹಾಕಿಸಿದರು, ನನ್ನ ಆರೋಗ್ಯ ಕೇಳಿದರು. ಆಮೇಲೆ ಹೆಲೆನ್ ಕಡೆ ನೋಡಿ ನಗುತ್ತಲೇ ನನಗೆ ಕನ್ನಡದಲ್ಲಿ ಹೇಳಿದರು.

“ನನಗೇನ್ ಬ್ಯಾಡ್ರಿ ಅಮ್ಮಾ. ನಮ್ಮ ಹುಡುಗ್ರ ಚಹಾ-ಪಾನಿ ಒಂದಿಷ್ಟು ನೋಡ್ಕೋರಿ. ನಾಳಿನೇ ಬಂದು ಸ್ಯಾಂಪಲ್ ತಗೊಂತಾರ.”

“ವಾಟ್ ಡಸ್ ಹೀ ಸೇ?” ಎಂದಳು ಹೆಲೆನ್.

ಬಸವರಾಜ ನನ್ನ ಕಿವಿಯಲ್ಲಿ, “ಮಿಸ್, ಅದೊಂದು ಬಿಟ್ಟು ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೀನಿ,” ಎಂದ.

ನಾನು ಬಿಡಲಿಲ್ಲ. ಅವಳು ನನ್ನ ಬಾಯಿಯನ್ನು ನಂಬಿ ಕುಳಿತಿದ್ದಳು. ಇದ್ದದ್ದು ಇದ್ದಂತೆ ಹೇಳಿದೆ. ಹೆಲೆನ್ ಸಿಟ್ಟಾಗಲಿಲ್ಲ. ಅದು ಸರಕಾರಿ ಫೀಸಾದರೆ ಈಗಲೇ ಕೊಡುತ್ತೇವೆ, ಯಾವ ರೂಲ್ ಎಂದು ತೋರಿಸಿ ರಸೀದಿ ಕೊಡಿ ಎಂದು ನನ್ನಿಂದ ಕೇಳಿಸಿದಳು. ಸಾಹೇಬರ ನಗು ಹಾಗೇ ಇತ್ತು.

“ಚಹಾಕ್ಕ ಯಾರರ ರಸೀದಿ ಕೊಡ್ತಾರೇನ್ರಿ? ಆತು, ರೂಲ್ ಪ್ರಕಾರನೇ ಮಾಡೋಣು. ನಿಮ್ಮ ಪಾಳಿ ಬರ್ಲಿ.”

ಪಾಳಿ ಬರಲಿಲ್ಲ. ಹೆಲೆನ್ ಊರಿಗೆ ಹೋದಳು. ನಾನು ದಿನಾ ಫ್ಲಾಸ್ಕ್ ತಗೊಂಡು ಆ ಆಫೀಸಿನ ಬೆಂಚಿನ ಮೇಲೆ ಕೂತೆ. ಅಲ್ಲಿ ಕೂತ ಮೇಲೆ ತಿಳಿಯಿತು: ನಮ್ಮ ನಂತರ ಬಂದವರು ನಮಗಿಂತ ಮೊದಲು ಒಳಗೆ ಹೋಗುತ್ತಿದ್ದರು, ಅವರ ಸರ್ಟಿಫಿಕೇಟ್ ಮಾಲಿನ ಮುಖವನ್ನೂ ನೋಡದೆ ಬರುತ್ತಿತ್ತು. ಯಾಪಲದಿನ್ನಿಯಿಂದ ಶೇಂಗಾದ ಕೆಲಸಕ್ಕೆ ಬಂದಿದ್ದ ಒಬ್ಬರು ನನ್ನ ಪಕ್ಕ ಕೂತು ಕೂತು, ಕೊನೆಗೆ ಬರುವುದನ್ನೇ ಬಿಟ್ಟರು. ಟವೆಲ್ ಹಾಕಿದವನಿಗೆ ಸೀಟು ಸಿಕ್ಕಿತು, ನಿಜ. ನಿಂತವರು ಯಾರೆಂದು ಬಸವರಾಜನೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಒಂದು ದಿನ ಶರಣಮ್ಮ ಅಲ್ಲಿಗೇ ಬಂದಳು. ಹಡಗಿಗೆ ಮಾಲು ಏರಿದ ಮೇಲೆ ಹೆಂಗಸರ ಕೂಲಿ ಎಂದು ಮಾತಾಗಿತ್ತು.

“ಅಕ್ಕೋರ, ಸುಮ್ನ ಕೊಟ್ಟು ಬಿಡ್ರಿ. ಬಸವರಾಜಪ್ಪ ಕೊಡ್ತೀನಿ ಅಂತಾನ, ನೀವು ಬ್ಯಾಡ ಅಂತೀರಂತ.”

“ಕೊಟ್ರ ಕಂಪನಿ ಕರಾರು ಮುರೀತಾರ ಶರಣಮ್ಮಾ.”

“ಕೊಡ್ಲಿಲ್ಲಂದ್ರ ನಮ್ಮ ಸಂಘ ಮುರೀತದ. ಪಾರ್ವತಿ ನಿನ್ನಿ ಹತ್ತಿ ಕೂಲಿಗೆ ಹೋದ್ಲು. ನಿಮ್ಮ ಮೇಡಂ ಕೈ ಸ್ವಚ್ಛ ಇರಾಕ ನಾವ್ ಉಪಾಸ ಇರ್ಬೇಕೇನ್ರಿ?”

ನನ್ನ ಪೆನ್ಶನ್ ಒಂದನೇ ತಾರೀಕಿಗೆ ತಪ್ಪದೆ ಬರುತ್ತಿತ್ತು. ಚಹಾ ಕೊಟ್ಟೆ. ಕುಡಿಯಲಿಲ್ಲ, ಎದ್ದು ಹೋದಳು.

ಆವತ್ತೇ ಕೂತು ಮೇಲಿನ ಆಫೀಸಿಗೆ ಬರೆದೆ. ಯಾರನ್ನೂ ಬೈಯಲಿಲ್ಲ. ಅರ್ಜಿ ಹಾಕಿದ್ದು ಯಾವಾಗ, ಫೀಸು ಕಟ್ಟಿದ್ದು ಯಾವಾಗ, ಏನು ಕೇಳಿದರು, ತಡಕ್ಕೆ ಕಾರಣ ಏನೆಂದು ಬರಹದಲ್ಲಿ ತಿಳಿಸಿ, ಅಷ್ಟೇ. ಹೆಲೆನ್‌ಳ ಕಂಪನಿಯೂ ಹಾಗೇ ಬರೆಯಿತು. ಕೆಲವು ದಿನಕ್ಕೆ ಪರೀಕ್ಷೆಯವರು ಬಂದರು. ಮೊದಲು ಹಾಕಿಸಿದ ಹೊಗೆಯ ಅವಧಿ ಅಷ್ಟರಲ್ಲಿ ಮುಗಿದಿತ್ತು, ಮತ್ತೆ ಹಾಕಿಸಬೇಕಾಯಿತು. ಅವರು ಮೂಟೆ ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಜರಡಿ ಹಿಡಿದು, ನಿಜವಾಗಿಯೂ ನೋಡಿದರು. ಕೀಟ ಇರಲಿಲ್ಲ. ಒಂದು ರೂಪಾಯಿಯೂ ಕೊಡದೆ ಮಾಲು ಹೋಯಿತು.

ಹೆಲೆನ್ “ಐ ಆಮ್ ಪ್ರೌಡ್ ಆಫ್ ಯು ಆಲ್” ಎಂದು ಬರೆದಳು. ಎರಡನೇ ಹೊಗೆಯ ಖರ್ಚು ಕಂಪನಿ ಕೊಟ್ಟಿತು. ತಡವಾದ ಕೂಲಿಯ ಬಗ್ಗೆ ಕರಾರಿನಲ್ಲಿ ಒಂದು ಸಾಲೂ ಇರಲಿಲ್ಲ. ಅಷ್ಟು ಸ್ಪಷ್ಟವಾಗಿ ಬರೆದವರಿಗೆ ಆ ಒಂದು ಸಾಲು ಯಾಕೆ ಹೊಳೆಯಲಿಲ್ಲವೋ. ಸಂಘದಲ್ಲಿ ಅರ್ಧ ಜನ ಉಳಿದರು. ಮರುವರ್ಷ ಕಂಪನಿ, ಸಪ್ಲೈ ಸಮಯಕ್ಕೆ ಬರುವ ಕಡೆ ಕೊಳ್ಳುತ್ತೇವೆ ಎಂದು ತಿಳಿಸಿತು.

ಕೊಡಬಾರದು ಎಂದೇ ಈಗಲೂ ನನ್ನ ನಂಬಿಕೆ. ಆದರೆ ಕೊಡದೇ ಇದ್ದದ್ದರ ಭಾರ ನಮ್ಮಲ್ಲಿ ಯಾರ ಮೇಲೆ ಬಿತ್ತು ಎಂಬುದು ನೆನಪಾದಾಗ ಆ ನಂಬಿಕೆಯಿಂದ ನನಗೆ ಖುಷಿಯೇನೂ ಆಗುವುದಿಲ್ಲ. ಸುಸ್ತಾಗುತ್ತದೆ.

ಶರಣಮ್ಮನನ್ನು ಕೊನೆಯ ಸಲ ನೋಡಿದ್ದು ಹೋದ ವರ್ಷ. ಪೆನ್ಶನ್ನಿನ ಲೈಫ್ ಸರ್ಟಿಫಿಕೇಟಿಗೆಂದು ಹೋದವಳು ಆ ಆಫೀಸಿನ ಮುಂದೆ ಹಾದೆ. ಆಕೆ ಮೆಟ್ಟಿಲ ಮೇಲೆ ನಿಂತಿದ್ದಳು. ಈಗ ಲೈಸೆನ್ಸ್ ಅವಳದೇ, ಮಾಲು ಹೋಗುವುದು ಗಲ್ಫಿಗೆ. ಅಲ್ಲಿಯ ವ್ಯಾಪಾರಿಯ ಕರಾರಿನಲ್ಲಿ ಅಂಥ ಪುಟ ಇಲ್ಲವಂತೆ.

“ಈ ಸಲ ಕೊಟ್ಟೀನ್ರಿ ಅಕ್ಕೋರ. ಬೈತೀರೇನು?”

“ಇಲ್ಲವ್ವಾ,” ಎಂದೆ.

ಒಳಗಿನಿಂದ ಅವಳ ಹೆಸರು ಕೂಗಿದರು. ಬೆಂಚಿನ ಮೇಲೆ ಒಬ್ಬ ಹೆಂಗಸು ಕಾಗದಪತ್ರಗಳ ಚೀಲ ತಬ್ಬಿಕೊಂಡು ಕೂತಿದ್ದಳು. “ಯಕ್ಕಾ, ನಾ ಮೊದ್ಲ ಬಂದೀನಿ,” ಎಂದಳು. ಶರಣಮ್ಮ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಒಳಗೆ ಹೋದಳು.