ಮೂಗಿನ ಕೆಳಗಿಟ್ಟ ಬೆರಳು

ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಮಾಡುತ್ತಿದ್ದವಳು. ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿ 'ಸರಿ ಇದೆ' ಅನ್ನುವ ಸ್ಟಿಕರ್ ಅಂಟಿಸಿದರೆ ಅದರ ಚಿಂತೆ ಅಲ್ಲಿಗೆ ಮುಗಿಯಿತು. ಹೆತ್ತ ಮಗಳಿಗೆ ಅಂಟಿಸುವ ಸ್ಟಿಕರ್ ಎಲ್ಲಿತ್ತು?

ಬಸುರಿಯಾಗಿದ್ದಾಗಲೂ ಹೆದರಿಕೆ ಇತ್ತು, ಇಲ್ಲವೆಂದರೆ ಸುಳ್ಳು. ಆದರೆ ಸ್ಕ್ಯಾನಿಂಗ್‌ನಲ್ಲಿ 'ಚೆನ್ನಾಗಿದೆ' ಅಂದರೆ ನಾಲ್ಕು ದಿನ ನೆಮ್ಮದಿ. ಹೆತ್ತ ಮೊದಲ ವಾರ ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಅದೂ ತಾನೇ ನಿಂತಿತು. ನಿಲ್ಲದೇ ಹೋದದ್ದು ನನ್ನ ಬೆರಳು. ಮಗು ಮಲಗಿದರೆ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವುದು. ತೆಗೆದ ಕೂಡಲೇ ಅನುಮಾನ, ಮತ್ತೆ ಇಡುವುದು. ಆಗಲೂ ನಂಬಿಕೆ ಬರದಿದ್ದರೆ ಪಾದ ಚಿವುಟಿ ಎಬ್ಬಿಸುವುದು. ಅದು ಕಿರುಚಿ ಅತ್ತರೆ ಸಮಾಧಾನ, ಅದೂ ಒಂದೇ ನಿಮಿಷ. ಮಗುವನ್ನೆತ್ತಿಕೊಂಡು ಮೂರನೇ ಮಹಡಿಯ ಬಾಲ್ಕನಿಗೆ ಹೋಗುವುದನ್ನೇ ಬಿಟ್ಟೆ. ನಾನೇ ಕೈಬಿಟ್ಟು ಕೆಳಗೆ ಬೀಳಿಸಿದ ಹಾಗೆ ಕಣ್ಣಮುಂದೆ ಬರುತ್ತಿತ್ತು. ಥೂ, ಎಂಥ ತಾಯಿ ನಾನು!

ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅವ್ವ ಅಕ್ಕಪಕ್ಕದವರಿಗೆಲ್ಲ ಹೇಳುತ್ತಿದ್ದಳು, "ನಮ್ಮಾಕಿ ಕೂಸಿನ್ನ ಕಣ್ಣಾಗ ಕಣ್ಣಿಟ್ಟು ನೋಡ್ಕೋತಾಳ್ರೀ." ಆ ಹೊಗಳಿಕೆ ಕೇಳಿದರೆ ಮೈ ಉರಿಯುತ್ತಿತ್ತು. ನಿಜ ಹೇಳಿದರೆ 'ಬಾಣಂತಿ ಸನ್ನಿ' ಅಂದುಬಿಡುತ್ತಾರೆ, ತಲೆ ಕೆಟ್ಟವಳೆಂದು ಮಗುವನ್ನು ಕಿತ್ತುಕೊಳ್ಳುತ್ತಾರೆ. ಬಾಯಿ ಮುಚ್ಚಿಕೊಂಡೆ.

ನಲವತ್ತೆರಡನೇ ದಿನ ಮಧ್ಯಾಹ್ನ ಆಶಾ ಕಾರ್ಯಕರ್ತೆ ಅಕ್ಕ ಮಗುವಿನ ತೂಕ ನೋಡಲು ಬಂದರು. ತೂಕ ಸರಿ ಇತ್ತು. ಹೊರಡುವಾಗ ನನ್ನನ್ನು ಕೇಳಿದರು, "ಪಾಪು ಮಲ್ಗಿದಾಗ ನಿಮಗೆ ನಿದ್ದೆ ಬರುತ್ತಾ?"

"ಅಯ್ಯ, ಆಕಿ ಎಲ್ಲಿ ಮಲಗ್ತಾಳ್ರೀ, ಅಷ್ಟು ಜ್ವಾಕಿ," ಅಂದಳು ಅವ್ವ.

"ಅಮ್ಮಾ, ನಾನು ಅವ್ರನ್ನ ಕೇಳಿದ್ದು."

ಅಲ್ಲಿಯವರೆಗೆ ಎಲ್ಲರೂ ಕೇಳಿದ್ದು ಮಗುವಿನ ನಿದ್ದೆಯನ್ನೇ. ತಡೆಯಲಾಗಲಿಲ್ಲ, ಅಳುತ್ತಾ ಬಾಲ್ಕನಿಯ ವಿಷಯವನ್ನೂ ಬಿಡದೆ ಹೇಳಿದೆ.

"ಮೊದ್ಲ ವಾರದ ಅಳು ತುಂಬಾ ಜನಕ್ಕೆ ಬರುತ್ತೆ ಕಣ್ರೀ, ಹೋಗುತ್ತೆ. ಎರಡು ವಾರ ದಾಟಿದ್ಮೇಲೂ ಹೆದರಿಕೆ ಹಿಂಗೆ ನಿದ್ದೆ ಕೆಡಿಸ್ತಿದ್ರೆ ಡಾಕ್ಟ್ರಿಗೆ ತೋರಿಸ್ಲೇಬೇಕು. ನಡೀರಿ, ಈಗ್ಲೇ ಹೋಗೋಣ," ಎಂದು ಆಟೋ ಕರೆದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಂ ಮುಚ್ಚುಮರೆಯಿಲ್ಲದೆ ಕೇಳಿದರು: ಯಾರೋ ಮಾತಾಡಿದಂತೆ ದನಿ ಕೇಳಿಸುತ್ತದೆಯೇ, ಸಾಯಬೇಕು ಅನಿಸುತ್ತದೆಯೇ, ಮಗುವಿಗೆ ಏನಾದರೂ ಮಾಡಬೇಕು ಅನಿಸುತ್ತದೆಯೇ?

"ಇಲ್ಲ ಮೇಡಂ. ಏನಾದ್ರೂ ಆಗ್ಬಿಡುತ್ತೆ ಅಂತ ಹೆದರಿಕೆ."

ಇನ್ನೂ ಬಹಳ ಹೊತ್ತು ವಿಚಾರಿಸಿ ಹೇಳಿದರು, "ಇದು ಸನ್ನಿ ಅಲ್ಲಮ್ಮ, ಆತಂಕದ ಕಾಯಿಲೆ. ವಾಸಿ ಆಗುತ್ತೆ. ಮಗುನ ಯಾರೂ ಕಿತ್ಕೊಳಲ್ಲ. ಆದ್ರೆ ನಾನು ಕೇಳಿದ್ದರಲ್ಲಿ ಒಂದು ಕಂಡ್ರೂ ತಡ ಮಾಡ್ದೆ ಆಗ್ಲೇ ಬರಬೇಕು." ಎದೆಹಾಲು ಕೊಡುವವರಿಗೆ ಹೊಂದುವ ಮಾತ್ರೆ ಬರೆದು, ವಾರಕ್ಕೊಮ್ಮೆ ಕೂತು ಮಾತಾಡಲು ಬರಹೇಳಿದರು.

ಮರುದಿನ ಏನೂ ಬದಲಾಗಲಿಲ್ಲ. ಮಾತ್ರೆಯ ಮೇಲೂ ಸಿಟ್ಟು ಬಂತು. ಅವ್ವ ಮಾತ್ರ ಹೊಗಳುವುದನ್ನು ನಿಲ್ಲಿಸಿ, ಮಗುವನ್ನು ತನ್ನ ತೊಡೆಯ ಮೇಲೆ ಹಾಕಿಕೊಂಡು, "ನೀ ಅಡ್ಡಾಗು, ನಾ ಅದೀನಿ" ಅನ್ನತೊಡಗಿದಳು.

ಸುಮಾರು ಒಂದು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಅಳು ಕೇಳಿ ದಡಬಡಿಸಿ ಎದ್ದೆ. ಮಗುವಿಗೆ ಹಸಿವಾಗಿತ್ತು, ಅಷ್ಟೇ. ಅಷ್ಟು ದಿನ ಅದನ್ನು ನಾನು ಎಬ್ಬಿಸುತ್ತಿದ್ದೆ. ಅವತ್ತು ಅದು ನನ್ನನ್ನು ಎಬ್ಬಿಸಿತು.